ಓವರ್‌ಹೆಡ್ ವೇರಿಯನ್ಸ್: ಎರಡಾಗಿ ಒಡೆಯೋದಾ, ಮೂರಾಗಿ ಒಡೆಯೋದಾ?

ಪೀಣ್ಯದ ಒಂದು ಮಷಿನಿಂಗ್ ಯೂನಿಟ್‌ನಲ್ಲಿ ಕಾಸ್ಟ್ ಅಕೌಂಟಿಂಗ್ ಕೆಲಸ ನನ್ನದು. ತಿಂಗಳ ರಿಪೋರ್ಟಿನಲ್ಲಿ ಓವರ್‌ಹೆಡ್ ವೇರಿಯನ್ಸನ್ನು, ಅಂದರೆ ಪೀಸುಗಳ ಮೇಲೆ ಹಾಕಿದ ಪರೋಕ್ಷ ಖರ್ಚಿಗೂ ನಿಜವಾಗಿ ಆದ ಖರ್ಚಿಗೂ ಇರುವ ವ್ಯತ್ಯಾಸವನ್ನು, ಮೊದಲಿನಿಂದಲೂ ಎರಡೇ ಭಾಗ ಮಾಡುತ್ತಿದ್ದೆವು: ಬಜೆಟ್ ವೇರಿಯನ್ಸ್ ಮತ್ತು ವಾಲ್ಯೂಮ್ ವೇರಿಯನ್ಸ್. ಒಂದು ತಿಂಗಳು ಬಜೆಟ್ ವೇರಿಯನ್ಸ್ ಬರೀ 1,000 ರೂಪಾಯಿ ಬಂತು. ಇಷ್ಟು ಚೆನ್ನಾಗಿ ಬಂದರೆ ನನಗೆ ಅನುಮಾನವೇ ಜಾಸ್ತಿ. ಆ ತಿಂಗಳದ್ದನ್ನು ಮೂರು ಭಾಗ ಮಾಡಿ ನೋಡಿದೆ.

ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ. ತಿಂಗಳಿಗೆ 2,000 ಮಷಿನ್ ಗಂಟೆ ಓಡಬೇಕು ಅನ್ನೋದು ಬಜೆಟ್. ಫಿಕ್ಸ್ಡ್ ಓವರ್‌ಹೆಡ್ 6,00,000, ಅಂದರೆ ಗಂಟೆಗೆ 300. ವೇರಿಯಬಲ್ ಗಂಟೆಗೆ 120. ಒಂದು ಪೀಸಿಗೆ ಅರ್ಧ ಗಂಟೆ. ಆ ತಿಂಗಳು ಆಗಿದ್ದು 3,600 ಪೀಸು. ಅದಕ್ಕೆ 1,800 ಗಂಟೆ ಸಾಕಿತ್ತು, ಆದರೆ ಮಷಿನ್ ಓಡಿದ್ದು 1,950 ಗಂಟೆ. ಒಟ್ಟು ಖರ್ಚು 8,17,000.

ಗಂಟೆಗೆ 420ರಂತೆ 1,800 ಗಂಟೆಗೆ ನಾವು ಪೀಸುಗಳ ಮೇಲೆ ಹಾಕಿದ್ದು 7,56,000. ಹಾಗಾಗಿ ಒಟ್ಟು 61,000 ಅಡ್ವರ್ಸ್, ಅಂದರೆ ಹಾಕಿದ್ದಕ್ಕಿಂತ ಖರ್ಚು ಜಾಸ್ತಿ. ಎರಡು ಭಾಗದ ಲೆಕ್ಕದಲ್ಲಿ 1,800 ಗಂಟೆಗೆ ಎಷ್ಟು ಖರ್ಚಾಗಬೇಕಿತ್ತು ಅಂತ ಮಾತ್ರ ಕೇಳುತ್ತೇವೆ. ಅದು 6,00,000 ಮತ್ತು 2,16,000, ಒಟ್ಟು 8,16,000. ಬಜೆಟ್ ವೇರಿಯನ್ಸ್ 1,000, ಉಳಿದ 60,000 ವಾಲ್ಯೂಮ್, ಬಜೆಟ್ಟಿಗಿಂತ ಕಮ್ಮಿ ಪೀಸು ಆಗಿದ್ದರಿಂದ ಪೀಸುಗಳ ಮೇಲೆ ಹಾಕಲಾಗದ ಫಿಕ್ಸ್ಡ್ ಪಾಲು.

ಮೂರು ಭಾಗಕ್ಕೆ ಬೇಕಾದದ್ದು ಇನ್ನೊಂದೇ ಅಂಕಿ: ನಿಜವಾಗಿ ಓಡಿದ 1,950 ಗಂಟೆಗೆ ಬಜೆಟ್ ಎಷ್ಟು? 8,34,000. ಖರ್ಚಾಗಿದ್ದು ಅದಕ್ಕಿಂತ 17,000 ಕಮ್ಮಿ, ಅದು ಸ್ಪೆಂಡಿಂಗ್ ವೇರಿಯನ್ಸ್, ಫೇವರಬಲ್. ಹೆಚ್ಚಾದ 150 ಗಂಟೆಗೆ 120ರಂತೆ 18,000 ಎಫಿಷಿಯೆನ್ಸಿ ವೇರಿಯನ್ಸ್, ಅಡ್ವರ್ಸ್. ವಾಲ್ಯೂಮ್ ಅದೇ 60,000. ಆ 1,000 ಅನ್ನೋದು ಎರಡು ದೊಡ್ಡ ಅಂಕಿ ಒಂದನ್ನೊಂದು ತಿಂದುಕೊಂಡು ಉಳಿದ ಚೂರು.

ಸ್ಪೆಂಡಿಂಗ್ ಯಾಕೆ ಕಮ್ಮಿ ಅಂತ ಹುಡುಕುವಾಗ ಫಿಕ್ಸ್ಡ್ ಮತ್ತು ವೇರಿಯಬಲನ್ನು ಬೇರೆ ಮಾಡಲೇಬೇಕಾಯಿತು. ಮೂರು ಭಾಗದ ಲೆಕ್ಕದಲ್ಲೂ ಸ್ಪೆಂಡಿಂಗ್‌ನಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಫಿಕ್ಸ್ಡ್ 12,000 ಜಾಸ್ತಿ ಆಗಿತ್ತು, ಶೆಡ್ಡಿನ ಬಾಡಿಗೆ ಏರಿತ್ತು. ವೇರಿಯಬಲ್ 29,000 ಕಮ್ಮಿ. ಅದರಲ್ಲಿ ಬಹುಪಾಲು ಮಷಿನ್‌ನಲ್ಲಿ ಲೋಹ ಕತ್ತರಿಸುವ ಸಣ್ಣ ಅಲಗಾದ ಕಟಿಂಗ್ ಇನ್ಸರ್ಟಿನದು. ಪರ್ಚೇಸ್‌ನವರು ಅಗ್ಗದ ಇನ್ಸರ್ಟ್ ತರಿಸಿದ್ದರು.

ಶಾಪಿಗೆ ಹೋಗಿ ಸೂಪರ್‌ವೈಸರನ್ನು ಕೇಳಿದೆ. "ಹಳೇದು ಒಂದು ಶಿಫ್ಟ್ ಬರ್ತಿತ್ತು ಸರ್, ಇದು ಊಟದ ಹೊತ್ತಿಗೇ ಹೋಗುತ್ತೆ. ಫೀಡೂ ಕಮ್ಮಿ ಇಟ್ಟೇ ಓಡಿಸಬೇಕು" ಅಂದರು. ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗ, ಕಮ್ಮಿಯಾದರೆ ಪೀಸಿಗೆ ಸಮಯ ಜಾಸ್ತಿ. 150 ಗಂಟೆ ಹೋಗಿದ್ದು ಅಲ್ಲಿ. ಪರ್ಚೇಸ್‌ನವರ ಫೇವರಬಲ್ ಮತ್ತು ಪ್ರೊಡಕ್ಷನ್‌ನವರ ಅಡ್ವರ್ಸ್, ಎರಡರ ಬೇರೂ ಒಂದೇ.

ಹಾಗಂತ ಇನ್ಸರ್ಟ್ ನಷ್ಟ ಅಂತ ಕೂಡಲೇ ಹೇಳುವಂತಿರಲಿಲ್ಲ. ಉಳಿತಾಯವಾದ 29,000 ಪೂರ್ತಿ ಇನ್ಸರ್ಟಿನದೇ ಅಂದುಕೊಂಡರೂ 18,000 ಕಳೆದು ಇನ್ನೂ 11,000 ಲಾಭ ಕಾಣುತ್ತದೆ. ಆದರೆ ಆ 150 ಗಂಟೆ ಮಷಿನ್ ಮುಂದೆ ಒಬ್ಬ ಆಪರೇಟರ್ ನಿಂತಿದ್ದರು. ಗಂಟೆಗೆ 110ರಂತೆ 16,500, ಅದು ಲೇಬರ್ ವೇರಿಯನ್ಸ್‌ನಲ್ಲಿ ಕೂತಿತ್ತು. ಅದನ್ನೂ ಸೇರಿಸಿದರೆ 5,500 ನಷ್ಟ. ಓವರ್‌ಹೆಡ್ ಶೀಟ್ ಒಂದನ್ನೇ ನೋಡಿದ್ದರೆ ಇನ್ಸರ್ಟ್ ಬದಲಾಯಿಸಿದ್ದು ಸರಿ ಅಂತಲೇ ಬರೆಯಬೇಕಾಗುತ್ತಿತ್ತು.

ಇಲ್ಲೊಂದು ತೊಡಕಿದೆ. 'ಮೂರು ವೇರಿಯನ್ಸ್' ಅಂತ ಹೇಳುವ ಇನ್ನೊಂದು ಹಳೆಯ ಪದ್ಧತಿಯೂ ಇದೆ. ಅದರಲ್ಲಿ ಎಫಿಷಿಯೆನ್ಸಿಗೆ ಪೂರ್ತಿ 420 ರೇಟು ಹಾಕುತ್ತಾರೆ: 150 ಗಂಟೆಗೆ 63,000. ವಾಲ್ಯೂಮ್ ಜಾಗದಲ್ಲಿ ಐಡಲ್ ಕೆಪ್ಯಾಸಿಟಿ ಬರುತ್ತದೆ, ಬಜೆಟ್ಟಿಗಿಂತ ಕಮ್ಮಿ ಓಡಿದ 50 ಗಂಟೆಗೆ 300ರಂತೆ 15,000. ಸ್ಪೆಂಡಿಂಗ್ ಬದಲಾಗುವುದಿಲ್ಲ, ಒಟ್ಟೂ ಅದೇ 61,000. ನಮ್ಮ ಆಡಿಟರ್ ಈ ಪದ್ಧತಿಯವರು. ಎಫಿಷಿಯೆನ್ಸಿ 18,000ವೋ 63,000ವೋ ಅಂತ ಅರ್ಧ ದಿನ ಮಾತಾಡಿದೆವು. ವ್ಯತ್ಯಾಸ 45,000, ಅಂದರೆ 150 ಗಂಟೆಯ ಫಿಕ್ಸ್ಡ್ ಪಾಲು.

ನಾನು 18,000ವನ್ನೇ ಇಟ್ಟುಕೊಂಡೆ. ಗಂಟೆ ವ್ಯರ್ಥವಾದರೂ ಬಾಡಿಗೆ ಏರುವುದಿಲ್ಲ ಅಲ್ವಾ? ಆರ್ಡರ್ ಕೈಯಲ್ಲಿದ್ದು ಮಷಿನ್ ಸಮಯವೇ ಸಾಲದೆ ಇದ್ದರೆ ಮಾತ್ರ ಆ ಗಂಟೆಗಳ ಬೆಲೆ 120ಕ್ಕಿಂತ ಜಾಸ್ತಿ. ಆಗ ನೋಡಬೇಕಾದದ್ದು 420ನ್ನೂ ಅಲ್ಲ, ಕೈತಪ್ಪಿದ ಪೀಸುಗಳ ಕಾಂಟ್ರಿಬ್ಯೂಷನ್ನು, ಅಂದರೆ ಮಾರಾಟದ ಬೆಲೆಯಲ್ಲಿ ವೇರಿಯಬಲ್ ಖರ್ಚು ಕಳೆದು ಉಳಿಯುವ ಹಣವನ್ನು. ಆ ತಿಂಗಳು ಆರ್ಡರೇ ಕಮ್ಮಿ ಇತ್ತು.

ಮಾಲೀಕರಿಗೆ ಹೋಗುವ ಒಂದು ಪುಟದ ರಿಪೋರ್ಟಿನಲ್ಲಿ ಈಗಲೂ ಎರಡೇ ಭಾಗ, ಅವರಿಗೆ ಅಷ್ಟು ಸಾಕು. ಮೂರು ಭಾಗದ ಶೀಟು ಪರ್ಚೇಸ್ ಮತ್ತು ಪ್ರೊಡಕ್ಷನ್ ಇಬ್ಬರಿಗೂ ಒಟ್ಟಿಗೇ ಹೋಗುತ್ತದೆ. ಅದರ ತಲೆಯಲ್ಲಿ ಎಫಿಷಿಯೆನ್ಸಿಗೆ ಯಾವ ರೇಟು ಹಾಕಿದ್ದೇವೆ ಅಂತ ಒಂದು ಸಾಲು ಬರೆದಿರುತ್ತೇನೆ.