‘ಪಿಕಿಟಪ್’ ಅಂದರೇನು? ಓಡುವ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಹಿಡಿಯುವುದು ಹೇಗೆ

ಗಂಗಾವತಿಯಲ್ಲಿರುವ ನನ್ನ ತಂಗಿಯ ಮಗಳು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ಕೇಳಿ ಬರೆಯುವ ಭಾಗಕ್ಕೆ 40 ಪ್ರಶ್ನೆ, ಆಡಿಯೊ ಒಂದೇ ಸಲ. ಕಲಿಕೆಯ ಪುಸ್ತಕದ ಜೊತೆ ಬಂದ ಆಡಿಯೊ ಅವಳಿಗೆ ಪೂರ್ತಿ ತಿಳಿಯುತ್ತದೆ. ಇಂಗ್ಲೆಂಡಿನವರು ಮನೆಯಲ್ಲಿ ಕೂತು ಮಾತಾಡುವ ವಿಡಿಯೊ ಹಾಕಿದರೆ ಮಾತ್ರ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಮೊನ್ನೆ ಫೋನ್ ತಂದು ನನ್ನ ಕಿವಿಗೆ ಹಿಡಿದಳು.

“ಮಾಮಾ, ಇಲ್ಲಿ ‘ಪಿಕಿಟಪ್’ ಅಂತಾನ. ಡಿಕ್ಷನರಿಯಾಗ ಅಂಥಾ ಶಬ್ದಾನ ಇಲ್ಲ.”

ಅದು ಒಂದು ಶಬ್ದವಲ್ಲ, ಮೂರು. ಪಿಕ್, ಇಟ್, ಅಪ್. ಕೊನೆಯ ‘ಕ್’ ಮುಂದಿನ ‘ಇ’ಗೆ ಅಂಟಿ ‘ಕಿ’ ಆಯಿತು, ‘ಟ್’ ಮುಂದಿನ ‘ಅ’ಗೆ ಅಂಟಿ ‘ಟ’ ಆಯಿತು. ಅವಳ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಪುಸ್ತಕದ ಆಡಿಯೊದಲ್ಲಿ ಹೀಗೆ ಜಾಸ್ತಿ ಆಗುವುದಿಲ್ಲ. ಅಲ್ಲಿ ಸ್ಟುಡಿಯೊದಲ್ಲಿ ಕೂತವರು ಬರೆದದ್ದನ್ನು ಓದುತ್ತಾರೆ. ಹೊಸಬರಿಗೆ ತಿಳಿಯಲಿ ಅಂತ ನಿಧಾನವಾಗಿ, ಶಬ್ದ ಶಬ್ದ ಬಿಡಿಸಿ ಹೇಳುತ್ತಾರೆ. ಮಾತಾಡುವಾಗ ಯಾರೂ ಶಬ್ದದ ನಡುವೆ ಜಾಗ ಬಿಡುವುದಿಲ್ಲ. ನಾವು ಬಿಡುತ್ತೇವಾ? ‘ಬರಲಿಕ್ಕೆ ಹತ್ತಿದ್ದಾನೆ’ ಅನ್ನುವುದನ್ನು ನಮ್ಮ ಕಡೆ ‘ಬರಾಕತ್ತಾನ’ ಅನ್ನುತ್ತೇವೆ. ‘ಹತ್ತು’ವಿನ ‘ಹ’ ಎಲ್ಲಿ ಹೋಯಿತು ಅಂತ ಕೊಪ್ಪಳದಲ್ಲಿ ಯಾರೂ ಹುಡುಕುವುದಿಲ್ಲ.

ಹಾಗಾಗಿ ಅವಳಿಗೆ ನಾನು ಹೇಳಿಕೊಟ್ಟ ದಾರಿ ಇದು. ಐದಾರು ಸೆಕೆಂಡಿನ ಒಂದೇ ವಾಕ್ಯ ಆರಿಸಿಕೊಳ್ಳಿ. ಮನುಷ್ಯರೇ ಬರೆದ ಸಬ್‌ಟೈಟಲ್ ಇರುವ ವಿಡಿಯೊ ಆಗಬೇಕು, ಆದರೆ ಮೊದಲು ಅದನ್ನು ಮುಚ್ಚಿಡಿ. ಮೂರು ಸಲ ಕೇಳಿ. ಅರ್ಥ ಹುಡುಕಬೇಡಿ, ಸ್ಪೆಲಿಂಗ್ ನೆನೆಯಬೇಡಿ. ಕಿವಿಗೆ ಬಿದ್ದದ್ದನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ವ್ಯಂಜನಕ್ಕೆ ಸ್ವರ ಅಂಟಿದ ಕೂಡಲೇ ನಮ್ಮಲ್ಲಿ ಒಂದೇ ಅಕ್ಷರ ಆಗುತ್ತದೆ, ಆದ್ದರಿಂದ ಅಂಟಿದ ಜಾಗ ಕಾಗದದ ಮೇಲೆ ಎದ್ದು ಕಾಣುತ್ತದೆ.

ಅವಳು ಬರೆದದ್ದು: ‘ಐ ಆಸ್ಟಿಮ್ ಟ ಪಿಕಿಟಪ್ ದ ನೆಕ್ಸ್ ಡೇ.’

ಈಗ ಸಬ್‌ಟೈಟಲ್ ತೆರೆದು ಅದರ ಕೆಳಗೇ ಬರೆದೆವು: ‘ಐ ಆಸ್ಕ್‌ಡ್ ಹಿಮ್ ಟು ಪಿಕ್ ಇಟ್ ಅಪ್ ದ ನೆಕ್ಸ್ಟ್ ಡೇ.’ ಎರಡು ಸಾಲು ಹೊಂದದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದಳು. ‘ಹಿಮ್’ನಲ್ಲಿ ‘ಹ’ ಬಿದ್ದಿದೆ. ನಮ್ಮ ‘ಬರಾಕತ್ತಾನ’ದಲ್ಲಿ ಬಿದ್ದ ಹಾಗೆಯೇ. ‘ಆಸ್ಕ್‌ಡ್’ ಬಿಡಿಸಿ ಹೇಳಿದರೆ ಕೊನೆಯಲ್ಲಿ ಕೇಳುವುದು ‘ಸ್ಕ್ಟ್’, ಇಲ್ಲಿ ಅದರ ನಡುವಿನ ‘ಕ್’ ಬಿದ್ದಿದೆ. ‘ಟು’ ಸವೆದು ‘ಟ’ ಆಗಿದೆ. ‘ನೆಕ್ಸ್ಟ್’ನ ‘ಟ್’ ಇಲ್ಲವೇ ಇಲ್ಲ.

ಈ ‘ಟ್’ ಮನಸ್ಸಿಗೆ ಬಂದಾಗ ಬೀಳುವುದಿಲ್ಲ. ಎರಡು ವ್ಯಂಜನದ ನಡುವೆ ಸಿಕ್ಕಿಕೊಂಡರೆ ಬೀಳುತ್ತದೆ. ‘ನೆಕ್ಸ್ಟ್ ಡೇ’ಯಲ್ಲಿ ಆ ಕಡೆ ‘ಸ್’, ಈ ಕಡೆ ‘ಡ್’. ಅದೇ ಮುಂದೆ ಸ್ವರ ಬಂದರೆ ಉಳಿದು ಅಂಟಿಕೊಳ್ಳುತ್ತದೆ: ‘ನೆಕ್ಸ್ಟೀವ್ನಿಂಗ್’. ಅಮೆರಿಕದವರಾದರೆ ‘ಪಿಕಿಡಪ್’ ಅಂದಂತೆ ಕೇಳುತ್ತದೆ, ಟಕಾರ ಮೆತ್ತಗಾಗಿ ಡಕಾರದ ಹತ್ತಿರ ಬರುತ್ತದೆ. ಶಾಲೆಯ ಸಂಧಿ ಪಾಠ ನೆನಪಿದ್ದರೆ ಇದ್ಯಾವುದೂ ಹೊಸದಲ್ಲ. ಬೀಳುವುದು ಲೋಪ, ‘ಬೆಟ್ಟತಾವರೆ’ ‘ಬೆಟ್ಟದಾವರೆ’ ಆಗುವುದು ಆದೇಶ. ಸಂಧಿಯ ನಿಯಮ ಆ ಭಾಷೆಯದು ಬೇರೆ, ಕೆಲಸ ಒಂದೇ ಬಗೆಯದು.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ತಿಳಿಯದಿದ್ದರೆ ವೇಗವನ್ನು ಅರ್ಧಕ್ಕೆ ಇಳಿಸುತ್ತಾರೆ. ಬಾಯಿಂದಲೇ ಬಾರದ ‘ಟ್’ ನಿಧಾನ ಮಾಡಿದರೆ ಎಲ್ಲಿಂದ ಬರಬೇಕು? ಅಂಟಿದ ಜಾಗ ಗುರುತಿಸಲು 0.75ಕ್ಕೆ ಇಳಿಸಬಹುದು, ಆಮೇಲೆ ಮತ್ತೆ ಪೂರ್ತಿ ವೇಗದಲ್ಲೇ ಕೇಳಿ. ಗುರುತು ಹಾಕಿದ ಸಾಲನ್ನು ಅವರ ಜೊತೆಗೇ ನಾಲ್ಕೈದು ಸಲ ಬಾಯಿಬಿಟ್ಟು ಹೇಳಿದರೆ ಕಿವಿ ಬೇಗ ಒಗ್ಗುತ್ತದೆ. ನಾವು ಮಾತಾಡುವಾಗ ಹೀಗೆ ನುಂಗಲೇಬೇಕು ಅಂತೇನಿಲ್ಲ. ಬಿಡಿಸಿ ಹೇಳಿದರೂ ಎದುರಿನವರಿಗೆ ತಿಳಿಯುತ್ತದೆ.

ನಿಜಕ್ಕೂ ಎಚ್ಚರ ಬೇಕಾದ್ದು ‘ಕ್ಯಾನ್’ ಮತ್ತು ‘ಕಾನ್ಟ್’ ಹತ್ತಿರ. ‘ಐ ಕಾನ್ಟ್ ಗೋ’ದಲ್ಲಿ ‘ಟ್’ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಹುಡುಗಿ ‘ಹೋಗಬಲ್ಲೆ’ ಅಂತ ಬರೆದುಕೊಂಡಿದ್ದಳು. ಇಲ್ಲಿ ‘ಟ್’ಗೆ ಕಾಯಬಾರದು, ಸ್ವರ ಕೇಳಬೇಕು. ‘ಹೋಗಬಲ್ಲೆ’ ಅನ್ನುವಾಗ ಅದು ಸವೆದು ‘ಐ ಕನ್ ಗೋ’ ಆಗುತ್ತದೆ, ಒತ್ತೆಲ್ಲ ‘ಗೋ’ ಮೇಲೆ. ‘ಆಗಲ್ಲ’ ಅನ್ನುವಾಗ ‘ಕಾನ್’ ಒತ್ತಿ, ಸ್ವರ ಪೂರ್ತಿಯಾಗಿ ಬರುತ್ತದೆ. ಅಮೆರಿಕದವರು ‘ಕಾನ್’ ಬದಲು ‘ಕ್ಯಾನ್’ ಅಂದರೂ ಒತ್ತು ಅಲ್ಲೇ ಇರುತ್ತದೆ. ಅಷ್ಟರಲ್ಲೂ ಗೊತ್ತಾಗದಿದ್ದರೆ ಮುಂದಿನ ವಾಕ್ಯಕ್ಕೆ ಕಾಯಿರಿ. ಅವಳ ವಿಡಿಯೊದಲ್ಲಿ ಆ ಮನುಷ್ಯ ಮರುಕ್ಷಣವೇ ‘ಸಾರಿ’ ಅಂದಿದ್ದ.