ಅಧ್ಯಕ್ಷರಾದ ಅಕ್ಕಾರಿಗೆ ಒಂದು ಪತ್ರ

ಅಭಿನಂದನಾ ಪತ್ರದಲ್ಲಿ ನಾಲ್ಕು ಬೇಡಿಕೆ ಸೇರಿಸಿದರೆ ಅದು ಅರ್ಜಿ ಆಗುತ್ತದೆ. ಏನೂ ಕೇಳದೆ ಬರೆದರೆ ಗ್ರೂಪಿನಲ್ಲಿ ಬರುವ ಗುಲಾಬಿ ಹೂವಿನ ಮೆಸೇಜಿಗೂ ಅದಕ್ಕೂ ವ್ಯತ್ಯಾಸ ಇರುವುದಿಲ್ಲ. ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನಲ್ಲಿ ನಿವಾಸಿಗಳ ಸಂಘಕ್ಕೆ ಹೊಸ ಅಧ್ಯಕ್ಷರು ಬಂದಾಗಲೆಲ್ಲ ನಾನು ಒಂದು ಪತ್ರ ಬರೆದು ಕೊಡುತ್ತೇನೆ. ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಓಣಿಯ ಅರ್ಜಿ, ಠರಾವು ಎಲ್ಲ ನನ್ನ ಕಡೆಗೇ ಬರುತ್ತವೆ. ಹಾಗಾಗಿ ಇದೂ ರೂಢಿಯಾಯಿತು. ಈ ಸಲ ಗೆದ್ದವರು ನಮ್ಮ ಹಿಂದಿನ ಸಾಲಿನ ಅಕ್ಕಾರು. ಅವರಿಗೆ ಹೇಗೆ ಬರೆದೆ ಅಂತ ಹೇಳುತ್ತೇನೆ.

ಮೊದಲು ಯಾವಾಗ ಕೊಡಬೇಕು ಅನ್ನುವುದು. ಎಣಿಕೆ ಮುಗಿದ ಸಂಜೆ ಬೇಡವೇ ಬೇಡ. ಅವತ್ತು ಗುಲಾಲು, ಪೇಢೆ, ಫೋಟೋ. ಆವಾಗ ಕೈಗೆ ಕೊಟ್ಟ ಕಾಗದ ಟೀಪಾಯಿ ಮೇಲೆ ಉಳಿದುಬಿಡುತ್ತದೆ. ಒಂದು ವಾರ ಬಿಟ್ಟರೂ ಕೆಟ್ಟಿತು. ಅಷ್ಟರಲ್ಲಿ ಬೀದಿ ದೀಪ, ಬೀದಿ ನಾಯಿ, ಕಸದ ಗಾಡಿ ಅಂತ ಹತ್ತು ಮಂದಿ ಬಂದು ಹೋಗಿರುತ್ತಾರೆ. ನಮ್ಮದು ಹನ್ನೊಂದನೆಯ ತಕರಾರು ಅನ್ನಿಸುತ್ತದೆ. ಹೊಸ ಸಮಿತಿಯ ಮೊದಲ ಸಭೆಗಿಂತ ಒಂದೆರಡು ದಿನ ಮುಂಚೆ ಕೊಡುವುದು ನನ್ನ ಲೆಕ್ಕಕ್ಕೆ ಸರಿಯಾದ ಹೊತ್ತು. ಓದಿದ್ದು ನೆನಪಿನಲ್ಲಿ ಇರುವಾಗಲೇ ಅವರು ಸಭೆಗೆ ಹೋಗಿ ಕೂರುತ್ತಾರೆ.

ಗ್ರೂಪಿನಲ್ಲಿ ಹಾಕುವುದಿಲ್ಲ, ಕಾಗದದ ಮೇಲೆ ಬರೆದು ಕೈಯಲ್ಲಿ ಕೊಡುತ್ತೇನೆ. ಗ್ರೂಪಿನಲ್ಲಿ ಹಾಕಿದರೆ ಅದು ಅಧ್ಯಕ್ಷರಿಗೆ ಬರೆದದ್ದಾಗುವುದಿಲ್ಲ, ನೋಡುವವರಿಗೆ ಬರೆದದ್ದಾಗುತ್ತದೆ. ಅವರೂ ಎಲ್ಲರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಎಲ್ಲರ ಮುಂದೆ ಯಾರೂ "ಇದು ನನ್ನ ಕೈಲಿ ಆಗಲ್ಲ" ಅನ್ನುವುದಿಲ್ಲ. ನನಗೆ ಬೇಕಾಗಿದ್ದು ಆ ಮಾತೇ. ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ನೇರವಾಗಿ ಹೇಳಬೇಕು.

ಇನ್ನು ಯಾವುದಕ್ಕೆ ಅಭಿನಂದಿಸುವುದು? ಗೆದ್ದಿದ್ದಕ್ಕೆ ಅಂತ ಬರೆದರೆ ಸೋತವರ ಮನೆಯೂ ಇದೇ ಬೀದಿಯಲ್ಲಿದೆ. "ಸೆಕ್ಟರಿನ ಎಲ್ಲ ನಿವಾಸಿಗಳ ಪರವಾಗಿ" ಅಂತ ಶುರು ಮಾಡುವವರನ್ನು ನೋಡಿದ್ದೇನೆ. ಆ ಪರವಾನಗಿ ಅವರಿಗೆ ಯಾರು ಕೊಟ್ಟರು ಅಂತ ಕೇಳಬೇಕು ಅನ್ನಿಸುತ್ತದೆ. ನಾನು ನನ್ನ ಒಬ್ಬನ ಹೆಸರಲ್ಲೇ ಬರೆಯುತ್ತೇನೆ. ಆಮೇಲೆ ಆ ವ್ಯಕ್ತಿ ಅಧ್ಯಕ್ಷರಾಗುವ ಮೊದಲೇ ಮಾಡಿದ ಒಂದು ಕೆಲಸ ಹುಡುಕುತ್ತೇನೆ.

ಅಕ್ಕಾರ ವಿಷಯದಲ್ಲಿ ಹುಡುಕುವ ಕಷ್ಟ ಇರಲಿಲ್ಲ. ಕಳೆದ ಬ್ಯಾಸಗಿಯಲ್ಲಿ ಗಾರ್ಡನ್‌ನ ಬೋರ್‌ವೆಲ್ ಮೋಟಾರು ಸುಟ್ಟಿತ್ತು. ಆಗ ಅವರು ಯಾವ ಹುದ್ದೆಯಲ್ಲೂ ಇರಲಿಲ್ಲ. ಮನೆ ಮನೆಗೆ ಹೋಗಿ ಪಟ್ಟಿ ಎತ್ತಿದರು. ಮೋಟಾರು ರಿವೈಂಡಿಂಗ್ ಮಾಡಿಸಿದರು. ಅದಾದ ಮೇಲೆ ಯಾರು ಎಷ್ಟು ಕೊಟ್ಟರು, ಅಂಗಡಿಯವನಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು, ರಸೀದಿಯ ಝೆರಾಕ್ಸ್ ಪಕ್ಕಕ್ಕೆ ಅಂಟಿಸಿ, ಹನಮಪ್ಪನ ಗುಡಿಯ ಬೋರ್ಡಿಗೆ ಹಚ್ಚಿದರು. ಯಾರೂ ಕೇಳಿರಲಿಲ್ಲ.

ನನಗೆ ಈ ಒಂದು ಹಾಳೆ ಸಾಕಾಗಿತ್ತು. ಅದನ್ನು ಹೊಗಳಿದರೆ ಅಭಿನಂದನೆ ಆಯಿತು. ಅದನ್ನೇ ಪ್ರತಿ ತಿಂಗಳು ಮಾಡಿ ಅಂದರೆ ನನ್ನ ನಿರೀಕ್ಷೆಯೂ ಬಂದಂತಾಯಿತು. ಹೊಸದೇನನ್ನೋ ಹೊರಿಸಿದ ಹಾಗೆ ಆಗುವುದಿಲ್ಲ. ಅವರು ಮಾಡಿ ತೋರಿಸಿದ್ದನ್ನೇ ಮುಂದುವರಿಸಿ ಅಂದ ಹಾಗೆ ಆಗುತ್ತದೆ. ಮೂರ್ನಾಲ್ಕು ಅಧ್ಯಕ್ಷರಿಗೆ ಬರೆದ ಮೇಲೆ ನನಗೆ ಗಟ್ಟಿಯಾಗಿರುವುದು ಇದೊಂದೇ: ಕೇಳುವುದು ಹೊಗಳಿಕೆಯ ಒಳಗಿನಿಂದಲೇ ಬರಬೇಕು. ಹೊಗಳಿ, "ಆದರೆ" ಅಂತ ತಿರುಗಿದರೆ ಹೊಗಳಿದ್ದೆಲ್ಲ ನೀರುಪಾಲು.

ಇನ್ನೊಂದು ಕೆಲಸ ಪತ್ರ ಮಾಡಬೇಕು. ಯಾವುದನ್ನು ಅವರಿಂದ ನಿರೀಕ್ಷಿಸುವುದಿಲ್ಲ ಅಂತಲೂ ಹೇಳಬೇಕು. ನವನಗರದಲ್ಲಿ ಇದು ಜಾಸ್ತಿ ಅಗತ್ಯ. ಹಳೇ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಇಲ್ಲಿ ಸೆಕ್ಟರ್ ನಂಬರಿನ ಮೇಲೆ ಬಂದು ನೆಲೆಸಿದವರು ನಾವು. ಪ್ಲಾಟು, ರಸ್ತೆ, ಗಟಾರು ಎಲ್ಲ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಟಿಡಿಎ ಮಾಡಿಕೊಟ್ಟಿತು. ಹೀಗಾಗಿ ಸಂಘ ಅಂದರೆ ಬಿಟಿಡಿಎಯ ಸಣ್ಣ ಶಾಖೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಗಟಾರು ತುಂಬಿದರೆ ಅಧ್ಯಕ್ಷರ ಮನೆ ಬಾಗಿಲು ಬಡಿಯುತ್ತಾರೆ. ಗಾರ್ಡನ್, ಬೋರ್‌ವೆಲ್, ವಾಚ್‌ಮನ್, ವಂತಿಗೆಯ ರೊಕ್ಕ ಸಂಘದ ಕೈಯಲ್ಲಿರುವ ವಿಷಯ. ರಸ್ತೆ, ಗಟಾರುಗಳಿಗೆ ಸಂಘ ಅರ್ಜಿ ಕೊಟ್ಟು ಬೆನ್ನು ಹತ್ತಬಹುದು, ಅಷ್ಟೇ. ಹೊಸ ಅಧ್ಯಕ್ಷರಿಗೆ ಇದು ಗೊತ್ತಿರುತ್ತದೆ. ಬೇರೆಯವರಿಗೂ ಗೊತ್ತಿದೆ ಅಂತ ಅವರಿಗೆ ತಿಳಿದರೆ ಸ್ವಲ್ಪ ಉಸಿರಾಡುತ್ತಾರೆ.

ಮೊದಲ ಕರಡಿನಲ್ಲಿ "ಹಿಂದಿನ ಸಮಿತಿಯ ಹಾಗೆ ಲೆಕ್ಕ ಮುಚ್ಚಿಡದೆ" ಅಂತ ಒಂದು ಸಾಲು ಇತ್ತು. ಅದನ್ನು ಹೊಡೆದು ಹಾಕಿದೆ. ಇಂಥ ಪತ್ರ ಒಬ್ಬರೇ ಓದುವುದಿಲ್ಲ. ಮನೆಯವರು ಓದುತ್ತಾರೆ, ಸಮಿತಿಯವರು ಓದುತ್ತಾರೆ, ವಾರದೊಳಗೆ ಹಿಂದಿನ ಖಜಾಂಚಿಯ ಕೈಗೂ ಹೋಗುತ್ತದೆ. ಅವರು ಓದಿದರೂ ಮುಖ ಗಂಟಿಕ್ಕಬಾರದು. ಹಾಗೇ "ಪಾರದರ್ಶಕ ಆಡಳಿತ" ಅಂತಿದ್ದದ್ದನ್ನೂ ತೆಗೆದೆ. ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಮಾಡಿದರೋ ಬಿಟ್ಟರೋ ಅಂತ ಯಾರಿಗೂ ತಿಳಿಯುವುದೂ ಇಲ್ಲ. ಅದರ ಜಾಗದಲ್ಲಿ ಒಂದು ಹಾಳೆ, ಮೂರು ಸಾಲು, ಒಂದು ತಾರೀಖು ಬರೆದೆ.

ಕೊನೆಗೆ ಒಂದು ಸಹಾಯ. "ಏನೇ ಬೇಕಿದ್ದರೂ ಹೇಳಿ" ಅಂತ ಬರೆದರೆ ಯಾರೂ ಏನನ್ನೂ ಹೇಳುವುದಿಲ್ಲ. ಹೊಸ ಅಧ್ಯಕ್ಷರಿಗೆ ಮೊದಲ ವಾರದಲ್ಲಿ ಬಂದು ಬೀಳುವ ಕಾಗದದ ಕೆಲಸ ಎರಡು. ಒಂದು ಬ್ಯಾಂಕಿನದು. ಸಹಿ ಬದಲಾಗುವ ತನಕ ಚೆಕ್ಕು ಹಳೆಯ ಪದಾಧಿಕಾರಿಗಳ ಸಹಿಯ ಮೇಲೇ ನಡೆಯುತ್ತದೆ. ಅವರು ಊರಲ್ಲಿ ಇಲ್ಲದಿದ್ದರೆ ಬೋರ್‌ವೆಲ್‌ನ ಹೆಸ್ಕಾಂ ಬಿಲ್ಲು ನಿಲ್ಲುತ್ತದೆ. ಬದಲಾಯಿಸಲು ಸಭೆಯ ಠರಾವಿನ ಪ್ರತಿ, ಹೊಸಬರ ಗುರುತಿನ ಕಾಗದ, ಫೋಟೋ ಬೇಕು. ಠರಾವಿನಲ್ಲಿ ಯಾರ ಸಹಿ ರದ್ದು, ಯಾರ ಸಹಿ ಜಾರಿ, ಇಬ್ಬರೂ ಕೂಡಿಯೇ ಸಹಿ ಮಾಡಬೇಕೋ ಒಬ್ಬರು ಸಾಕೋ ಅಂತ ಬಿಡಿಸಿ ಬರೆಯದಿದ್ದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಕೌಂಟರಿನ ಆ ಕಡೆ ಕೂತು ನಾನೇ ಎಷ್ಟೋ ಸಲ ಕಳಿಸಿದ್ದೇನೆ. ಇನ್ನೊಂದು ನೋಂದಣಿಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವಾರ್ಷಿಕ ಸಭೆ ಆದ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗಳ ಕಚೇರಿಗೆ ಹೋಗಬೇಕು. ಹಾರ ಹಾಕಿಸಿಕೊಳ್ಳುವುದರಲ್ಲೇ ಅರ್ಧ ದಿನಗಳು ಹೋಗಿಬಿಡುತ್ತವೆ. ಈ ಎರಡನ್ನೇ ಹೆಸರು ಹಿಡಿದು ಬರೆದೆ.

ಪತ್ರ ಕೊನೆಗೆ ಹೀಗಾಯಿತು. ಒಂದು ಮಗ್ಗುಲಿಗೆ ಹಿಡಿಸುವಷ್ಟೇ.

"ಅಕ್ಕಾರಿಗೆ ನಮಸ್ಕಾರ.

ನೀವು ಅಧ್ಯಕ್ಷರಾಗಿದ್ದು ಖುಷಿಯಾಯಿತು. ಕಳೆದ ಬ್ಯಾಸಗಿಯಲ್ಲಿ ಮೋಟಾರಿನ ಲೆಕ್ಕವನ್ನು ನೀವು ಗುಡಿಯ ಬೋರ್ಡಿಗೆ ಹಚ್ಚಿದ್ದಿರಿ. ಅದನ್ನು ಓದಿದ ಮೇಲೆ ಕೊಡದೆ ಉಳಿದಿದ್ದ ಇಬ್ಬರು ತಾವಾಗಿಯೇ ಬಂದು ರೊಕ್ಕ ಕೊಟ್ಟಿದ್ದು ನನಗೆ ಗೊತ್ತು. ಅವತ್ತೇ ಅನ್ನಿಸಿತ್ತು, ಸಂಘ ಇಂಥವರ ಕೈಯಲ್ಲಿ ಇರಬೇಕು ಅಂತ.

ನಿಮ್ಮ ಹತ್ತಿರ ಒಂದೇ ಒಂದು ಕೇಳುತ್ತೇನೆ. ಅದೇ ಥರದ ಹಾಳೆ ಪ್ರತಿ ತಿಂಗಳು ಬರಲಿ. ಬಂದದ್ದು, ಹೋದದ್ದು, ಉಳಿದದ್ದು, ಮೂರು ಸಾಲು ಸಾಕು. 10ನೇ ತಾರೀಖಿನ ಒಳಗೆ ಬೋರ್ಡಿನಲ್ಲಿ ಇದ್ದರೆ ಆಯಿತು. ನೀವೇ ಬರೆಯಬೇಕು ಅಂತಿಲ್ಲ, ಖಜಾಂಚಿ ಬರೆದರೂ ನಡೆಯುತ್ತದೆ.

ರಸ್ತೆ, ಗಟಾರದ ವಿಷಯಕ್ಕೆ ನಿಮ್ಮನ್ನು ಬೈಯುವವರು ಇರುತ್ತಾರೆ. ನಾನು ಆ ಸಾಲಿನಲ್ಲಿ ಇಲ್ಲ. ಅದು ನಿಮ್ಮ ಕೈಯಲ್ಲಿ ಇಲ್ಲ ಅಂತ ನನಗೆ ಗೊತ್ತು.

ಬ್ಯಾಂಕಿನ ಸಹಿ ಬದಲಾವಣೆಯ ಠರಾವು, ನೋಂದಣಿ ಕಚೇರಿಯ ಪಟ್ಟಿ, ಎರಡನ್ನೂ ನಾನು ಬರೆದುಕೊಡುತ್ತೇನೆ. ಸಭೆಯ ದಿನ ಒಂದು ಮಾತು ಹೇಳಿ ಕಳಿಸಿ.

ಒಳ್ಳೆಯದಾಗಲಿ."

ಸಂಜೆ ಹೋಗಿ ಕೊಟ್ಟೆ. ಚಹಾ ಇಟ್ಟು ಬಂದು, ನನ್ನ ಮುಂದೆಯೇ ನಿಂತು ಓದಿದರು. ಓದಿದವರು "ನೋಡೋಣ ತಗೋರಿ" ಅಂದರೆ ಪತ್ರ ನಾಟಲಿಲ್ಲ ಅಂತ ಅರ್ಥ. ಕೈ ಮುಗಿದು "ನಿಮ್ಮ ಆಶೀರ್ವಾದ" ಅಂದರೂ ಅಷ್ಟೇ. ಅಕ್ಕಾರು ಹಾಗೆ ಅನ್ನಲಿಲ್ಲ.

"ಕಾಕಾ, ಹತ್ತನೇ ತಾರೀಖು ಅಂದ್ರ ಆಗಂಗಿಲ್ರಿ. ಅಷ್ಟರಾಗ ಎಲ್ಲಾ ಮನಿ ವಂತಿಗಿ ಎಲ್ಲಿ ಬರತೈತಿ? ಹದಿನೈದು ಮಾಡ್ರಿ."

ಚೌಕಾಶಿ ಶುರುವಾಯಿತು ಅಂದರೆ ಅವರು ಮಾಡುವ ಬಗ್ಗೆ ಯೋಚಿಸುತ್ತಿದ್ದಾರೆ ಅಂತ. ಜೇಬಿನಿಂದ ಪೆನ್ನು ತೆಗೆದು 10 ಹೊಡೆದು 15 ಬರೆದೆ. "ಮತ್ತ ಠರಾವು ಇವತ್ತ ಬರದ್ ಕೊಡ್ರಿ, ಐತಾರ ಸಭಾ ಐತಿ" ಅಂದರು. ಅಲ್ಲೇ ಕೂತು ಬರೆದುಕೊಟ್ಟೆ.

ಗಟಾರದ ಅರ್ಜಿಯ ಬಗ್ಗೆಯೂ ಒಂದು ಮಾತು ಹೇಳುವುದಿತ್ತು. ಪತ್ರದಲ್ಲಿ ಅದನ್ನು ಬೇಕಂತಲೇ ಬಿಟ್ಟಿದ್ದೆ. ಚಹಾ ಕುಡಿಯುವಾಗ ಬಾಯಲ್ಲಿ ಹೇಳಿದೆ. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲಿನವರ ಮೊಹರು, ಇನ್‌ವರ್ಡ್ ನಂಬರು, ತಾರೀಖು ಹಾಕಿಸಿಕೊಂಡು ಫೈಲಿನಲ್ಲಿ ಇಡಿ. ಯಾರಾದರೂ ಬೈಯಲು ಬಂದರೆ ಆ ಫೈಲು ತೋರಿಸಿದರೆ ಆಯಿತು. ಬರೆದಿದ್ದರೆ ಇದು ಎರಡನೆಯ ಬೇಡಿಕೆ ಆಗುತ್ತಿತ್ತು. ಬಾಯಲ್ಲಿ ಹೇಳಿದ್ದಕ್ಕೆ ಹಿರಿಯರ ಸಲಹೆ ಆಯಿತು.

ಮೊದಲ ತಿಂಗಳ ಹಾಳೆ ಬೋರ್ಡಿಗೆ ಬಂದದ್ದು 17ಕ್ಕೆ. ಎರಡು ದಿನ ತಡವಾದದ್ದಕ್ಕೆ ನಾನು ಏನೂ ಕೇಳಲಿಲ್ಲ. ಆದರೆ ಅದರಲ್ಲಿ ವಾಚ್‌ಮನ್ ಪಗಾರದ ಸಾಲು ಇರಲಿಲ್ಲ. ಅದನ್ನು ಮಾತ್ರ ಕೇಳಿದೆ. "ಮರತೀನ್ರಿ ಕಾಕಾ" ಅಂತ ಅಲ್ಲೇ ಕೆಳಗೆ ಪೆನ್ನಿನಲ್ಲಿ ಬರೆದು, ಉಳಿದದ್ದರ ಮೊತ್ತವನ್ನೂ ತಿದ್ದಿದರು.