ಕಬ್ಬಿನ ಬಿಲ್‌ಗೆ ಎನ್‌ಕ್ಲೇವ್ ಹಾಕಿದ ನನ್ನ ಅನುಭವ: ಏನು ತಡೆಯುತ್ತೆ, ಏನು ತಡೆಯಲ್ಲ

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ರೈತರ ಕಬ್ಬಿನ ಬಿಲ್ ಪಾವತಿ ಮಾಡೋ ಸಾಫ್ಟ್‌ವೇರ್‌ನ ನಾವು ಮೈಸೂರಿಂದ ನೋಡ್ಕೋತೀವಿ. ರೈತರ ಬ್ಯಾಂಕ್ ಅಕೌಂಟ್ ನಂಬರ್ ಎಲ್ಲಾ ಅದರಲ್ಲೇ ಇರುತ್ತೆ. ಅಲ್ಲಿನ ಅಕೌಂಟೆಂಟ್ ಒಂದಿನ ನೇರವಾಗೇ ಕೇಳಿದ್ರು, "ಸಾರ್, ಹ್ಯಾಕರ್ ವಿಷ್ಯ ಬಿಡಿ, ನಿಮ್ಮ ಆಫೀಸ್ ಹುಡುಗ್ರೇ ಸರ್ವರ್ ಒಳಗೆ ಹೋಗಿ ನೋಡಿದ್ರೆ ಏನ್ಮಾಡ್ತೀರಿ?" ನ್ಯಾಯವಾದ ಪ್ರಶ್ನೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ನೆಟ್‌ವರ್ಕಲ್ಲಿ ಟಿಎಲ್‌ಎಸ್ ಇದೆ, ಆದ್ರೆ ಪಾವತಿ ಫೈಲ್ ತಯಾರಾಗೋ ಹೊತ್ತಲ್ಲಿ ನಂಬರ್‌ಗಳು ಮೆಮೊರಿಯಲ್ಲಿ ಬಿಚ್ಚಿಕೊಂಡೇ ಇರ್ತವೆ, ಸರ್ವರ್‌ನ ರೂಟ್ ಪಾಸ್‌ವರ್ಡ್ ಇರೋವ್ರು ಯಾರು ಬೇಕಾದ್ರೂ ಓದಬಹುದು.

ಅದಕ್ಕೇ ಎಡಬ್ಲ್ಯೂಎಸ್‌ನ ನೈಟ್ರೋ ಎನ್‌ಕ್ಲೇವ್ ಹಾಕಿದ್ವಿ. ನಮ್ಮ ಸರ್ವರ್‌ದೇ ಒಂದಿಷ್ಟು ಸಿಪಿಯು ಕೋರ್, ಒಂದಿಷ್ಟು ಮೆಮೊರಿ ಕತ್ತರಿಸಿ ಬೇರೆ ಒಂದು ಪುಟ್ಟ ಮೆಷಿನ್ ಮಾಡಿಕೊಡುತ್ತೆ. ಅದಕ್ಕೆ ಡಿಸ್ಕ್ ಇಲ್ಲ, ನೆಟ್‌ವರ್ಕ್ ಇಲ್ಲ, ಎಸ್‌ಎಸ್‌ಎಚ್ ಮಾಡೋಕೆ ದಾರಿ ಇಲ್ಲ. ಹೊರಗಿನ ಸರ್ವರ್ ಜೊತೆ ವಿಸಾಕ್ ಅನ್ನೋ ಒಂದೇ ಪೈಪಲ್ಲಿ ಮಾತು. ಹೊರಗೆ ರೂಟ್ ಆಗಿರೋವ್ರು ಅದನ್ನ ನಿಲ್ಲಿಸಬಹುದು, ಒಳಗಿನ ಮೆಮೊರಿ ಓದೋಕಾಗಲ್ಲ.

ಇಮೇಜ್ ಬಿಲ್ಡ್ ಮಾಡಿದಾಗ ಅದರ ಎಸ್‌ಎಚ್‌ಎ-384 ಹ್ಯಾಶ್ PCR0 ಅಂತ ಸಿಗುತ್ತೆ. ಕೋಡಲ್ಲಿ ಒಂದಕ್ಷರ ಬದಲಾದ್ರೂ ಇದು ಬದಲಾಗುತ್ತೆ. ಓಡ್ತಿರೋ ಎನ್‌ಕ್ಲೇವ್ "ನನ್ನ PCR0 ಇದು" ಅಂತ ನೈಟ್ರೋ ಸಹಿ ಇರೋ ಒಂದು ದಾಖಲೆ ಕೊಡುತ್ತೆ, ಅದಕ್ಕೆ ಅಟೆಸ್ಟೇಷನ್ ಅಂತಾರೆ. ಕೀ ಇಟ್ಟುಕೊಂಡಿರೋ ಕೆಎಂಎಸ್‌ಗೆ ನಾವು ಪಾಲಿಸಿಯಲ್ಲಿ ಹೀಗೆ ಹೇಳಿದೀವಿ:

```json
"Condition": {
  "StringEqualsIgnoreCase": {
    "kms:RecipientAttestation:PCR0": "3f9c... (96 ಅಕ್ಷರ)"
  }
}
```

ಹ್ಯಾಶ್ ಹೊಂದಿದ್ರೆ ಮಾತ್ರ ಡಿಕ್ರಿಪ್ಟ್. ಉತ್ತರ ಕೂಡ ಆ ದಾಖಲೆಯೊಳಗಿನ ಪಬ್ಲಿಕ್ ಕೀಗೆ ಲಾಕ್ ಆಗಿ ಬರುತ್ತೆ, ಮಧ್ಯದಲ್ಲಿ ದಾಟಿಸೋ ನಮ್ಮ ಸರ್ವರ್‌ಗೆ ಅದು ಬರೀ ಕಸ. ಟೆಸ್ಟಿಂಗಲ್ಲಿ `--debug-mode` ಹಾಕಿ ಓಡಿಸಿದ್ರೆ ಒಳಗಿನ ಕನ್ಸೋಲ್ ಹೊರಗೆ ಕಾಣುತ್ತೆ, ಆವಾಗ ದಾಖಲೆಯಲ್ಲಿ PCR ಎಲ್ಲಾ ಸೊನ್ನೆ ಬರುತ್ತೆ, ಅದಕ್ಕೇ ಈ ಪಾಲಿಸಿ ದಾಟಲ್ಲ. ಲೈವ್ ಮಾಡಿದ್ಮೇಲೆ `nitro-cli describe-enclaves` ಕೊಟ್ಟು `Flags` ನೋಡಿ, `NONE` ಇರಬೇಕು, `DEBUG_MODE` ಅಂತಿದ್ರೆ ಅದು ಎನ್‌ಕ್ಲೇವೇ ಅಲ್ಲ ಅಂದ್ಕೊಳ್ಳಿ.

ಇಷ್ಟು ಸೆಟಪ್‌ಗೆ ಡಾಕ್ಯುಮೆಂಟೇಷನ್ ಸಾಕು. ನಿಜವಾದ ಕೆಲಸ ಶುರುವಾಗೋದು ಇದಾದ್ಮೇಲೆ, ಯಾಕಂದ್ರೆ ಅಟೆಸ್ಟೇಷನ್ ಹೇಳೋದು ಒಳಗೆ ಯಾವ ಕೋಡ್ ಓಡ್ತಿದೆ ಅಂತ ಮಾತ್ರ, ಆ ಕೋಡ್‌ನ ಯಾರು ಕರೀತಿದಾರೆ, ಅದರ ಕೈಗೆ ಏನು ಕೊಡ್ತಿದಾರೆ ಅಂತ ಅದು ಹೇಳಲ್ಲ.

ಎಲ್ಲರಿಗೂ ಮೊದಲು ಹೊಳೆಯೋ ಡಿಸೈನ್ ಅಂದ್ರೆ ಎನ್‌ಕ್ಲೇವ್‌ಗೆ ಲಾಕ್ ಆಗಿರೋ ಅಕೌಂಟ್ ನಂಬರ್ ಕಳಿಸು, ಅದು ಬಿಚ್ಚಿ ವಾಪಸ್ ಕೊಡುತ್ತೆ ಅನ್ನೋದು. ಇದರಲ್ಲಿ ಕಳ್ಳ ಮೆಮೊರಿ ಓದೋ ಕಷ್ಟಾನೇ ಪಡಲ್ಲ, ಹೊರಗೆ ರೂಟ್ ಆಗಿದ್ದು ವಿಸಾಕಲ್ಲಿ ಒಂದೊಂದೇ ರೆಕಾರ್ಡ್ ಕಳಿಸಿ ಕೇಳ್ತಾನೆ, ಎನ್‌ಕ್ಲೇವ್ ಪ್ರಾಮಾಣಿಕವಾಗಿ ಎಲ್ಲಾ ಹೇಳಿಬಿಡುತ್ತೆ. ಹಾಗಾಗಿ ನಮ್ಮ ಎನ್‌ಕ್ಲೇವ್ ನಂಬರ್‌ನ ಯಾರಿಗೂ ವಾಪಸ್ ಕೊಡಲ್ಲ. ಇಡೀ ಪಾವತಿ ಫೈಲ್ ಒಳಗೇ ತಯಾರಾಗಿ, ಬ್ಯಾಂಕಿನ ಪಬ್ಲಿಕ್ ಕೀಗೆ ಲಾಕ್ ಆಗಿ ಹೊರಗೆ ಬರುತ್ತೆ. ಆ ಪಬ್ಲಿಕ್ ಕೀ ಇಮೇಜ್ ಒಳಗೇ ಇದೆ. ಹೊರಗಿಂದ ಪ್ಯಾರಾಮೀಟರ್ ಥರ ತಗೊಂಡಿದ್ರೆ ಕಳ್ಳ ತನ್ನದೇ ಕೀ ಕೊಟ್ಟುಬಿಡ್ತಿದ್ದ. ಬ್ಯಾಂಕ್ ಕೀ ಬದಲಿಸಿದಾಗಲೆಲ್ಲ PCR0 ಬದಲಾಗುತ್ತೆ, ಪಾಲಿಸಿನೂ ತಿದ್ದಬೇಕು, ಕಿರಿಕಿರಿ ಹೌದು, ಆದ್ರೆ ಅದು ಹಾಗೇ ಇರಬೇಕು.

ಇನ್ನೊಂದು, ಓದೋಕಾಗದೇ ಇರೋದನ್ನೂ ಕದೀಬಹುದು. ಡೇಟಾಬೇಸ್ ಹೊರಗಿನ ಸರ್ವರಲ್ಲೇ ಇದೆ. ಒಬ್ಬ ರೈತನ ಸಾಲಲ್ಲಿರೋ ಲಾಕ್ ಆದ ಅಕೌಂಟ್ ತೆಗೆದು ಇನ್ನೊಬ್ಬನ ಸಾಲಿಗೆ ಪೇಸ್ಟ್ ಮಾಡಿದ್ರೆ, ಒಳಗಿರೋದು ಏನಂತ ಗೊತ್ತಿಲ್ಲದೇನೇ ದುಡ್ಡು ಬೇರೆಯವರ ಖಾತೆಗೆ ಹೋಗುತ್ತೆ. ಇದಕ್ಕೆ ಕೆಎಂಎಸ್‌ನ ಎನ್‌ಕ್ರಿಪ್ಷನ್ ಕಾಂಟೆಕ್ಸ್ಟ್ ಬಳಸಿದ್ವಿ. ಎನ್‌ಕ್ರಿಪ್ಟ್ ಮಾಡುವಾಗ ರೈತನ ಕೋಡ್, ಜೊತೆಗೆ ಅವರ ಪಾಸ್‌ಬುಕ್ ವಿವರ ಎಷ್ಟನೇ ಸಲ ಬದಲಾಗಿರೋದು ಅನ್ನೋ ನಂಬರ್ ಕಟ್ಟಿಡ್ತೀವಿ, ಬಿಚ್ಚುವಾಗ ಎರಡೂ ಅದೇ ಕೊಡಬೇಕು. ಅದಲುಬದಲು ಆಗಿದ್ರೆ `InvalidCiphertextException` ಬರುತ್ತೆ, ಪೂರ್ತಿ ಬ್ಯಾಚ್ ನಿಲ್ಲುತ್ತೆ. ಹಳೇ ಅಕೌಂಟನ್ನ ತಂದು ಕೂರಿಸಿದ್ರೂ ಅಷ್ಟೇ. ಎನ್‌ಕ್ರಿಪ್ಟ್ ಮಾಡೋ ಅಧಿಕಾರ ಕಾರ್ಖಾನೆಯ ಲಾಗಿನ್‌ಗೆ ಮಾತ್ರ, ನಮ್ಮ ಸರ್ವರ್‌ಗಿಲ್ಲ, ಇಲ್ಲಾಂದ್ರೆ ಕಳ್ಳ ತನ್ನ ಅಕೌಂಟನ್ನೇ ರೈತನ ಹೆಸರಲ್ಲಿ ಲಾಕ್ ಮಾಡಿಡ್ತಾನೆ.

ಯಾವ ರೈತನಿಗೆ ಎಷ್ಟು ದುಡ್ಡು ಅನ್ನೋ ಪಟ್ಟಿಗೆ ಕಾರ್ಖಾನೆಯ ಅಧಿಕಾರಿ ತಮ್ಮ ಡಿಎಸ್‌ಸಿ ಟೋಕನ್‌ನಿಂದ ಸಹಿ ಹಾಕ್ತಾರೆ, ಎನ್‌ಕ್ಲೇವ್ ಒಳಗೆ ಆ ಸಹಿ ಪರೀಕ್ಷೆ ಆಗುತ್ತೆ, ರೈತನ ಕೋಡು, ಪಾಸ್‌ಬುಕ್ ವಿವರ ಎಷ್ಟನೇ ಸಲ ಬದಲಾಗಿದೆ ಅನ್ನೋ ಆ ನಂಬರು ಎರಡೂ ಈ ಪಟ್ಟಿಯಿಂದಲೇ ಬರೋದು. ಅಧಿಕಾರಿನೇ ತಪ್ಪು ತೂಕಕ್ಕೆ ಸಹಿ ಹಾಕಿದ್ರೆ ಎನ್‌ಕ್ಲೇವ್ ಅದನ್ನೂ ಅಚ್ಚುಕಟ್ಟಾಗಿ ಪಾವತಿ ಮಾಡುತ್ತೆ, ಅದಕ್ಕೆ ಇದರಲ್ಲಿ ಮದ್ದಿಲ್ಲ. ಸಹಿ ಇರೋ ಅದೇ ಪಟ್ಟಿನ ಯಾರಾದ್ರೂ ಎರಡನೇ ಸಲ ಕೊಟ್ರೆ? ಡಿಸ್ಕ್ ಇಲ್ಲದ ಎನ್‌ಕ್ಲೇವ್‌ಗೆ ರೀಸ್ಟಾರ್ಟ್ ಆದ್ಮೇಲೆ ಹಳೇದು ಏನೂ ನೆನಪಿರಲ್ಲ, ನೆನಪನ್ನ ಹೊರಗಿನ ಸರ್ವರಲ್ಲಿಟ್ರೆ ಅದನ್ನ ರೂಟ್ ಅಳಿಸ್ತಾನೆ. ಅದಕ್ಕೇ ಬ್ಯಾಚ್ ನಂಬರ್‌ನೂ ಸಹಿಯೊಳಗೆ ಸೇರಿಸಿ, ಒಂದೇ ನಂಬರ್ ಎರಡು ಸಲ ಬಂದ್ರೆ ಬ್ಯಾಂಕ್ ಕಡೆಯಲ್ಲೇ ತಿರಸ್ಕಾರ ಆಗೋ ಥರ ಮಾಡಿಸಿದ್ವಿ.

ಎರರ್ ಮೆಸೇಜ್ ವಿಷ್ಯ ಜನ ಮರೀತಾರೆ. ಐಎಫ್‌ಎಸ್‌ಸಿ ತಪ್ಪಿದ್ರೆ ಲೈಬ್ರರಿ ಪೂರ್ತಿ ಸಾಲನ್ನೇ ಮೆಸೇಜಲ್ಲಿ ಹಾಕಿ ಎಸೆಯುತ್ತೆ, ಅದು ವಿಸಾಕ್ ದಾಟಿ ಲಾಗ್‌ಗೆ ಬಿದ್ರೆ ಅಕೌಂಟ್ ನಂಬರ್ ಹೊರಗೆ ಬಂದಂಗೇ. ನಮ್ಮಲ್ಲಿ ಹೊರಗೆ ಬರೋದು `E07` ಥರದ ಒಂದು ಕೋಡು, ರೈತನ ಕೋಡು, ಅಷ್ಟೇ. ಡೀಬಗ್ ಮಾಡೋಕೆ ನಿಜಕ್ಕೂ ಹಿಂಸೆ, ಆದ್ರೂ ಸಡಿಲ ಮಾಡಿಲ್ಲ.

ಇಂಟೆಲ್ ಎಸ್‌ಜಿಎಕ್ಸ್, ಎಎಂಡಿ ಎಸ್‌ಇವಿ-ಎಸ್‌ಎನ್‌ಪಿ ಯಾಕೆ ಹಾಕಲಿಲ್ಲ ಅಂತ ಸ್ನೇಹಿತರು ಕೇಳ್ತಾರೆ. ಅಲ್ಲಿ ಮೆಮೊರಿನ ಚಿಪ್ಪೇ ಎನ್‌ಕ್ರಿಪ್ಟ್ ಮಾಡುತ್ತೆ, ಕ್ಲೌಡ್ ಕಂಪನಿನೂ ನಂಬಬೇಕಿಲ್ಲ ಅನ್ನೋದು ಆಸೆ. ಆದ್ರೆ 2018ರ ಫೋರ್‌ಶ್ಯಾಡೋ ದಾಳಿ ಎಸ್‌ಜಿಎಕ್ಸ್‌ನ ಅಟೆಸ್ಟೇಷನ್ ಕೀಗಳನ್ನೇ ಹೊರಗೆ ತೆಗೀತು, 2025ರಲ್ಲಿ ಬ್ಯಾಟರಿಂಗ್ ರ್‍ಯಾಮ್, ಟಿಇಇ.ಫೇಲ್ ಅನ್ನೋ ದಾಳಿಗಳು ಮೆಮೊರಿ ಕಾರ್ಡಿಗೂ ಬೋರ್ಡಿಗೂ ಮಧ್ಯೆ ಅಗ್ಗದ ಸರ್ಕ್ಯೂಟ್ ಇಟ್ಟು ಎರಡೂ ಕಂಪನಿಗಳ ಚಿಪ್ಪನ್ನ ಮುರಿದವು. ಮೆಷಿನ್‌ನ ಕೈಯಲ್ಲಿ ಮುಟ್ಟೋವ್ರ ದಾಳಿ ತಮ್ಮ ಲೆಕ್ಕಕ್ಕೆ ಬರಲ್ಲ ಅಂತ ಇಂಟೆಲ್, ಎಎಂಡಿ ಎರಡೂ ಹೇಳ್ತವೆ. ಅಂದ್ರೆ ಅಲ್ಲೂ ಡೇಟಾಸೆಂಟರ್ ನಡೆಸೋವ್ರನ್ನ ನಂಬಲೇಬೇಕು. ನೈಟ್ರೋದಲ್ಲಿ ಅಮೆಜಾನ್‌ನ ನಂಬ್ತೀವಿ ಅಂತ ನಾವು ಕಾರ್ಖಾನೆಯವರಿಗೆ ಬರೆದೇ ಕೊಟ್ಟಿದೀವಿ. ಅವರು ಹೆದರಿದ್ದು ನಮ್ಮ ಆಫೀಸಿಗೆ, ಅಮೆಜಾನ್‌ಗಲ್ಲ.

ಹಾಗಾದ್ರೆ ನಮ್ಮ ಆಫೀಸ್‌ಗೆ ಉಳಿದಿದ್ದ ದೊಡ್ಡ ಬಾಗಿಲು ಕೀ ಪಾಲಿಸಿ. ಮೇಲಿನ ಕಂಡೀಷನ್ ಎಷ್ಟೇ ಗಟ್ಟಿ ಇದ್ರೂ ಪಾಲಿಸಿ ತಿದ್ದೋ ಅಧಿಕಾರ ನಮ್ಮ ಅಡ್ಮಿನ್ ಹತ್ರ ಇದ್ರೆ, ಅವನು ಬೇರೆ PCR0 ಬರೀಬಹುದು ಅಥವಾ ಕಂಡೀಷನ್ನೇ ತೆಗೀಬಹುದು. ಆದ್ದರಿಂದ ಕೀ ಇರೋ ಎಡಬ್ಲ್ಯೂಎಸ್ ಅಕೌಂಟ್ ಕಾರ್ಖಾನೆಯವರ ಹೆಸರಲ್ಲೇ ಬೇರೆ ಮಾಡಿಸಿದ್ವಿ. ನಾವು ಹೊಸ ರಿಲೀಸ್ ಮಾಡಿದಾಗ ಸೋರ್ಸ್ ಕಳಿಸ್ತೀವಿ, ಅವರ ಕಡೆಯ ಎಂಜಿನಿಯರ್ ತಾವೇ ಬಿಲ್ಡ್ ಮಾಡಿ PCR0 ಹೊಂದಿದ್ರೆ ಮಾತ್ರ ಪಾಲಿಸಿ ಬದಲಿಸ್ತಾರೆ. ಹೊಂದಬೇಕು ಅಂದ್ರೆ ಬೇಸ್ ಇಮೇಜ್‌ನ ಟ್ಯಾಗಿನ ಬದಲು ಡೈಜೆಸ್ಟಿಂದ ಹೆಸರಿಸಬೇಕು, ಫೈಲ್‌ಗಳ ಟೈಮ್‌ಸ್ಟ್ಯಾಂಪ್ ಕಟ್ಟಿಹಾಕಬೇಕು, ಇಲ್ಲಾಂದ್ರೆ ಅದೇ ಕೋಡ್‌ಗೆ ಇವತ್ತೊಂದು ಹ್ಯಾಶ್, ನಾಳೆ ಇನ್ನೊಂದು. ಯಾರಾದ್ರೂ `PutKeyPolicy` ಕರೆದ್ರೆ ಅದೇ ಅಕೌಂಟೆಂಟ್ ಫೋನಿಗೆ ಮೆಸೇಜ್ ಹೋಗುತ್ತೆ, ನಮ್ಮ ಫೋನಿಗಲ್ಲ.